ಹದಿನೇಳರ ಹುಡುಗ ಹಾಕಿದ ಸಹಿ: ಪಿ.ಜಿ. ಮಾಲೀಕರಿಗೆ ಸಿಗುವುದೆಷ್ಟು?

ಜೂನ್, ಜುಲೈ ಬಂತೆಂದರೆ ಬೆಂಗಳೂರಿನ ಪಿ.ಜಿ.ಗಳು ಪಿಯುಸಿ ಮುಗಿಸಿ ಬಂದ ಮಕ್ಕಳಿಂದ ತುಂಬುತ್ತವೆ. ಹಲವರಿಗೆ ಹದಿನೆಂಟು ತುಂಬಿರುವುದಿಲ್ಲ. ಆದರೂ ಹನ್ನೊಂದು ತಿಂಗಳ ಕರಾರಿಗೆ ಅವರೇ ಸಹಿ ಹಾಕುತ್ತಾರೆ, ಮಾಲೀಕರೂ ಆಧಾರ್ ಜೆರಾಕ್ಸ್ ತೆಗೆದುಕೊಂಡು ಹುಟ್ಟಿದ ದಿನಾಂಕದ ಕಡೆ ನೋಡದೆ ಫೈಲಿಗೆ ಸೇರಿಸುತ್ತಾರೆ.

ವಿಜಯನಗರದಲ್ಲಿ ಪಿ.ಜಿ. ನಡೆಸುವ ಒಬ್ಬರ ಲೆಕ್ಕ ಹೀಗಿದೆ ಎಂದುಕೊಳ್ಳಿ. ಹಾಸನದ ಹುಡುಗ, ವಯಸ್ಸು ಹದಿನೇಳು. ಊಟ ಸೇರಿ ತಿಂಗಳಿಗೆ 9,000 ರೂಪಾಯಿ, ಅಡ್ವಾನ್ಸ್ 15,000. ಮೂರು ತಿಂಗಳು ಬಾಡಿಗೆ ಕೊಡದೆ ಖಾಲಿ ಮಾಡಿದ್ದಾನೆ. ಅವಧಿಗೆ ಮುಂಚೆ ಬಿಟ್ಟರೆ ಎರಡು ತಿಂಗಳ ಬಾಡಿಗೆ ದಂಡ ಎಂದು ಕರಾರಿನಲ್ಲಿದೆ. ಜೊತೆಗೆ ಮಾಲೀಕರು ತಮ್ಮ ಹಳೇ ಕ್ಯಾಮೆರಾವನ್ನು 35,000ಕ್ಕೆ ಸಾಲವಾಗಿ ಮಾರಿ ಪ್ರಾಮಿಸರಿ ನೋಟು ಬರೆಸಿಕೊಂಡಿದ್ದಾರೆ. “ಸಹಿ ಅವನದೇ ಅಲ್ವಾ ಮೇಡಂ, ಕೊಡಲೇಬೇಕಲ್ವಾ?” ಇಂಥವರೆಲ್ಲ ನನ್ನ ಮುಂದೆ ಕೂತು ಮೊದಲು ಕೇಳುವುದು ಇದನ್ನೇ.

ಸಹಿ ಅವನದೇ, ಆದರೆ ಒಪ್ಪಂದವೇ ಇಲ್ಲ. 1872ರ ಒಪ್ಪಂದ ಕಾಯ್ದೆಯ ಹನ್ನೊಂದನೇ ಕಲಮಿನ ಪ್ರಕಾರ ಪ್ರಾಪ್ತ ವಯಸ್ಸಿಗೆ ಬಂದವರು ಮಾತ್ರ ಕರಾರು ಮಾಡಲು ಅರ್ಹರು. ಅಪ್ರಾಪ್ತರ ಕರಾರು ಬೇಕಾದರೆ ರದ್ದು ಮಾಡಿಕೊಳ್ಳಬಹುದಾದದ್ದಲ್ಲ, ಮೊದಲಿನಿಂದಲೇ ಶೂನ್ಯ ಎಂದು 1903ರಲ್ಲಿ, ಆಗ ನಮ್ಮ ಕೊನೆಯ ಮೇಲ್ಮನವಿಗಳನ್ನು ಕೇಳುತ್ತಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್, ಮೋಹರಿ ಬೀಬಿ ಪ್ರಕರಣದಲ್ಲಿ ಹೇಳಿತು. ಕಲ್ಕತ್ತಾದ ಅಪ್ರಾಪ್ತನೊಬ್ಬ 20,000 ರೂಪಾಯಿಯ ಸಾಲಕ್ಕೆ ಮನೆ ಅಡವಿಟ್ಟಿದ್ದ. ಸಾಲ ಕೊಟ್ಟವನ ಪರ ವ್ಯವಹರಿಸಿದವನಿಗೆ ಅವನ ವಯಸ್ಸು ಗೊತ್ತಿತ್ತು. ಅಡಮಾನವೂ ಬಿದ್ದುಹೋಯಿತು, ಕೊಟ್ಟ ಹಣವೂ ವಾಪಸ್ ಬರಲಿಲ್ಲ. ಹುಡುಗ ವಯಸ್ಸು ಸುಳ್ಳು ಹೇಳಿದ್ದರೆ? ಆಗಲೂ ‘ನೀನೇ ಹೇಳಿದ್ದೆಯಲ್ಲ’ ಎಂದು ಅವನನ್ನು ಕರಾರಿಗೆ ಕಟ್ಟಿಹಾಕಲಾಗದು ಎಂಬುದು ನಮ್ಮ ನ್ಯಾಯಾಲಯಗಳಲ್ಲಿ ನೆಲೆನಿಂತ ನಿಲುವು.

ಹಾಗಾದರೆ ಮಾಲೀಕರಿಗೆ ಏನೂ ಇಲ್ಲವೇ? ಇದೆ, ಆದರೆ ಅದು ಕರಾರಿನಿಂದ ಬರುವುದಲ್ಲ. ಅದೇ ಕಾಯ್ದೆಯ 68ನೇ ಕಲಮು, ಅಪ್ರಾಪ್ತನಿಗೆ ಅವನ ಜೀವನಸ್ಥಿತಿಗೆ ತಕ್ಕ ಅವಶ್ಯಕತೆಗಳನ್ನು ಒದಗಿಸಿದವರು ಅವನ ಆಸ್ತಿಯಿಂದ ಅದನ್ನು ಪಡೆಯಬಹುದು ಎನ್ನುತ್ತದೆ. ಓದಲು ಬಂದ ಹುಡುಗನಿಗೆ ಇರಲು ಜಾಗ, ಹೊತ್ತಿಗೆ ಊಟ ಅವಶ್ಯಕತೆಗಳೇ ತಾನೆ. ಆದ್ದರಿಂದ ಮೂರು ತಿಂಗಳ 27,000 ಕೇಳಬಹುದು. ಅದೂ ಕರಾರಿನ ದರ ಎಂದಲ್ಲ, ಆ ಬಡಾವಣೆಯಲ್ಲಿ ಅಂಥ ಕೋಣೆಗೆ, ಊಟಕ್ಕೆ ನ್ಯಾಯವಾದ ಬೆಲೆ ಎಂದು. ಅಕ್ಕಪಕ್ಕದ ಪಿ.ಜಿ.ಗಳಲ್ಲಿ 7,000 ಇದ್ದರೆ ನ್ಯಾಯಾಲಯ ಅದನ್ನೇ ಹಿಡಿಯಬಹುದು. ದಂಡದ 18,000 ಮಾತ್ರ ಕರಾರಿನ ಕೂಸು, ಕರಾರಿನೊಂದಿಗೇ ಹೋಯಿತು.

‘ಅವನ ಆಸ್ತಿಯಿಂದ’ ಎಂಬುದು ಬಹಳ ಮಂದಿ ಎಡವುವ ಜಾಗ. ಹುಡುಗ ಸ್ವಂತವಾಗಿ ಹೊಣೆಯಲ್ಲ, ಅವನ ಹೆಸರಲ್ಲಿ ಏನಾದರೂ ಇದ್ದರೆ ಮಾತ್ರ ವಸೂಲಿ. ಅಪ್ಪನಿಗೆ ನೋಟಿಸ್ ಕೊಡಿ ಎನ್ನುತ್ತಾರೆ. ಅಪ್ಪ ತಾನೇ ಒಪ್ಪಿ ಸಹಿ ಮಾಡದಿದ್ದರೆ, ತನ್ನ ಪರವಾಗಿ ಮಗನನ್ನು ಕಳಿಸಿರದಿದ್ದರೆ, ಬರೀ ಅಪ್ಪ ಎಂಬ ಕಾರಣಕ್ಕೆ ಹೊಣೆ ಬರುವುದಿಲ್ಲ. ಕೈಯಲ್ಲಿರುವ ಅಡ್ವಾನ್ಸ್ ಹುಡುಗನ ಸ್ವಂತ ಹಣವಾಗಿದ್ದರೆ ಬಾಕಿಗೆ ಮುರಿದುಕೊಳ್ಳಲು ಒಳ್ಳೆಯ ವಾದವಿದೆ. ಉಳಿಯುವುದು 12,000. ಅಷ್ಟಕ್ಕೆ ಗಾರ್ಡಿಯನ್ ನೇಮಿಸಿ ದಾವೆ ನಡೆಸುವುದು ನನ್ನ ದೃಷ್ಟಿಯಲ್ಲಿ ದುಬಾರಿ ಹಟ.

ಕ್ಯಾಮೆರಾ ಬೇರೆ ಕತೆ. ಸಾಮಾನ್ಯ ವಿದ್ಯಾರ್ಥಿಗೆ ಅದು ಅವಶ್ಯಕತೆ ಎನ್ನುವುದು ಕಷ್ಟ. ಛಾಯಾಗ್ರಹಣ ಕಲಿಯಲೆಂದೇ ಸೇರಿ, ಅವನ ಬಳಿ ಬೇರೆ ಕ್ಯಾಮೆರಾ ಇಲ್ಲದಿದ್ದರೆ ವಾದಿಸಬಹುದು. ಇಲ್ಲವಾದರೆ ನೋಟಿನ ಮೇಲೆ ದಾವೆ ಹಾಕಿದಾಗ ಹುಡುಗ ‘ನಾನು ಅಪ್ರಾಪ್ತ’ ಎನ್ನುತ್ತಾನೆ, ಹಣದ ಬೇಡಿಕೆ ಬೀಳುತ್ತದೆ. ಅಲ್ಲಿಗೆ ಮುಗಿಯಲಿಲ್ಲ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 33ನೇ ಕಲಮಿನಡಿ, ಹೀಗೆ ಹೇಳಿ ಗೆದ್ದವನು ಪಡೆದ ಲಾಭವನ್ನು, ಅವನಿಗೆ ಅಥವಾ ಅವನ ಆಸ್ತಿಗೆ ಅದರಿಂದ ಎಷ್ಟು ಲಾಭವಾಗಿದೆಯೋ ಅಷ್ಟರ ಮಟ್ಟಿಗೆ ಹಿಂತಿರುಗಿಸುವಂತೆ ನ್ಯಾಯಾಲಯ ಹೇಳಬಹುದು. ಕ್ಯಾಮೆರಾ ಅವನ ಬೀರುವಿನಲ್ಲಿದ್ದರೆ ಸಿಗುವ ಸಾಧ್ಯತೆ ಹೆಚ್ಚು. ಮಾರಿ ಗೋವಾದಲ್ಲಿ ಖರ್ಚು ಮಾಡಿದ್ದರೆ ಹಿಂತಿರುಗಿಸಲು ಉಳಿದದ್ದೇನು? ಹಾಗಾಗಿ ವಸ್ತು ಎಲ್ಲಿದೆ ಎಂಬುದನ್ನು ಮೊದಲು ಪತ್ತೆ ಮಾಡಿ, ನೋಟಿಸ್ ಆಮೇಲೆ.

‘ಎರಡು ತಿಂಗಳಲ್ಲಿ ಹದಿನೆಂಟು ತುಂಬುತ್ತೆ, ಆಗ ಹೊಸ ನೋಟು ಬರೆಸ್ಕೋತೀನಿ’ ಎನ್ನುವವರಿದ್ದಾರೆ. ಹಳೇ ಸಾಲವನ್ನೇ ಒಪ್ಪಿ ಬರೆದ ನೋಟು ನಿಲ್ಲದು. ಶೂನ್ಯವಾದದ್ದನ್ನು ಆಮೇಲೆ ಅನುಮೋದಿಸಲಾಗದು.

ಮುಂದಿನ ವರ್ಷ ಕೋಣೆ ಕೊಡುವಾಗ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹುಟ್ಟಿದ ದಿನಾಂಕ ನೋಡಿ. ಹದಿನೆಂಟು ತುಂಬಿಲ್ಲದಿದ್ದರೆ ಕರಾರನ್ನು ಅಪ್ಪ ಅಥವಾ ಅಮ್ಮನ ಜೊತೆಗೇ ಮಾಡಿಕೊಳ್ಳಿ. ‘ಮಗನ ಪೋಷಕರು’ ಎಂದು ಕೆಳಗೆ ಸಾಕ್ಷಿಯಂತೆ ಸಹಿ ಹಾಕಿಸಿದರೆ ಸಾಲದು. ಬಾಡಿಗೆಯನ್ನು ತಾವೇ ಕೊಡುವುದಾಗಿ ಅವರು ತಮ್ಮ ಹೆಸರಿನಲ್ಲಿ ಒಪ್ಪಿರಬೇಕು.