ಕಾಫಿ ಹೂವಿನ ಫೋಟೋ ಮತ್ತು ಏಳನೇ ನಂಬರಿನ ಟೋಕನ್

ಹೂಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ಮೂಡಿಗೆರೆ ಕಡೆಯ ಕಾಫಿ ತೋಟಗಳೆಲ್ಲ ಬೆಳ್ಳಗಾಗುತ್ತವೆ. ನನ್ನ ಗೆಳೆಯನೊಬ್ಬ ಅದರ ಫೋಟೋ ತೆಗೆದು ತನ್ನ ಪೇಜಿನಲ್ಲಿ ಹಾಕಿದ್ದ. ಕೆಲವು ತಿಂಗಳ ನಂತರ ಅದೇ ಫೋಟೋ ಒಂದು ಎನ್‌ಎಫ್‌ಟಿ ಮಾರುಕಟ್ಟೆಯಲ್ಲಿ ಕಂಡಿತು. ಎನ್‌ಎಫ್‌ಟಿ ಅಂದರೆ ಚಿತ್ರದಂಥ ಡಿಜಿಟಲ್ ವಸ್ತುವಿನ ಹೆಸರಲ್ಲಿ ಮಾಡಿ ಮಾರುವ, ನಂಬರ್ ಇರುವ ಟೋಕನ್. ಯಾರೋ ಅಪರಿಚಿತ ಟೋಕನ್ ಮಾಡಿದ್ದ, ಇನ್ಯಾರೋ ಕೊಂಡಿದ್ದ.

"ತೋಟ ನಂದು, ಫೋಟೋ ಹೊಡೆದವನು ನಾನು. ಓನರ್ ಅವನು ಹೇಗಾದ ಮಾರಾಯ?"

ಸರಿ, ನೋಡೋಣ ಅಂತ ಕೂತೆವು. ಟೋಕನ್ ಇದ್ದದ್ದು ಇಥೀರಿಯಂ ಬ್ಲಾಕ್‌ಚೈನ್‌ನಲ್ಲಿ, ಅಂದರೆ ಬಹಳಷ್ಟು ಕಂಪ್ಯೂಟರ್‌ಗಳು ಒಟ್ಟಿಗೆ ಇಟ್ಟುಕೊಂಡಿರುವ ಸಾರ್ವಜನಿಕ ದಾಖಲೆಯಲ್ಲಿ. ಅಲ್ಲಿ ಪ್ರತಿ ಎನ್‌ಎಫ್‌ಟಿ ಸರಣಿಗೂ ಕಾಂಟ್ರಾಕ್ಟ್ ಎಂಬ ಪುಟ್ಟ ಪ್ರೋಗ್ರಾಂ ಇರುತ್ತದೆ. ಹೆಸರು ಕೇಳಿ ಕರಾರುಪತ್ರ ಅಂದುಕೊಳ್ಳಬೇಡಿ, ಅದೊಂದು ರಿಜಿಸ್ಟರ್ ಅಷ್ಟೆ. ಈಥರ್‌ಸ್ಕ್ಯಾನ್ ಎಂಬ ತಾಣದಲ್ಲಿ ಕಾಂಟ್ರಾಕ್ಟ್‌ನ ವಿಳಾಸ ಹಾಕಿ `Read Contract` ಒತ್ತಿದರೆ ಯಾರು ಬೇಕಾದರೂ ಅದನ್ನು ಪ್ರಶ್ನೆ ಕೇಳಬಹುದು. ಗೆಳೆಯನ ಫೋಟೋದ ಟೋಕನ್ ನಂಬರ್ 7. ನಾವು ಕೇಳಿದ್ದು ಎರಡೇ, ಅದರ ಒಡೆಯ ಯಾರು, ಅದರ ವಿವರ ಎಲ್ಲಿದೆ:

```
ownerOf(7)
tokenURI(7)
```

ಮೊದಲನೆಯದಕ್ಕೆ `0x` ಇಂದ ಶುರುವಾಗುವ ಒಂದು ಉದ್ದದ ವಿಳಾಸ ಉತ್ತರವಾಗಿ ಬಂತು. ಟೋಕನ್ ಗಟ್ಟಿಯಾಗಿ ಸಾಬೀತು ಮಾಡುವುದು ಇದನ್ನೇ: ಈ ಕಾಂಟ್ರಾಕ್ಟ್‌ನಲ್ಲಿ 7ನೇ ನಂಬರಿನ ಎದುರು ಈಗ ಈ ವಿಳಾಸ ಬರೆದಿದೆ. ಯಾರಿಂದ ಯಾರಿಗೆ ಯಾವಾಗ ಹೋಯಿತು ಎಂಬ ಚರಿತ್ರೆಯೂ ಅಲ್ಲೇ ಇದೆ, ಅದನ್ನು ಹಿಂದಿನಿಂದ ತಿದ್ದುವುದು ಸುಲಭವಲ್ಲ. ಆದರೆ ವಿಳಾಸ ಅಂದರೆ ಮನುಷ್ಯನಲ್ಲ. ಅದರ ಗುಟ್ಟಿನ ಕೀಲಿ ಯಾರ ಕೈಲಿದೆಯೋ ಅವನೇ ಒಡೆಯ. ಕೀಲಿ ಕದ್ದವನನ್ನೂ ರಿಜಿಸ್ಟರ್ ಒಡೆಯ ಅಂತಲೇ ಕರೆಯುತ್ತದೆ.

ಎರಡನೇ ಉತ್ತರದಲ್ಲಿ ಫೋಟೋ ಇರಲಿಲ್ಲ. ಒಂದು ವೆಬ್ ಲಿಂಕ್ ಇತ್ತು. ಅದನ್ನು ತೆರೆದರೆ ಹೆಚ್ಚುಕಮ್ಮಿ ಹೀಗಿತ್ತು:

```
{
  "name": "Coffee Blossom #7",
  "image": "https://example.com/img/7.jpg"
}
```

ಅಂದರೆ ಟೋಕನ್ ಒಂದು ಲಿಂಕ್ ತೋರಿಸುತ್ತದೆ, ಆ ಲಿಂಕ್ ಇನ್ನೊಂದು ಲಿಂಕ್ ತೋರಿಸುತ್ತದೆ, ಫೋಟೋ ಯಾರದ್ದೋ ಸರ್ವರ್‌ನಲ್ಲಿದೆ. ಫೋಟೋವನ್ನೇ ಚೈನ್‌ಗೆ ಯಾಕೆ ಹಾಕಲಿಲ್ಲ? ದುಬಾರಿ. ಇಥೀರಿಯಂನಲ್ಲಿ ಹೊಸದಾಗಿ 32 ಬೈಟ್ ಬರೆದಿಡಲು ಕನಿಷ್ಠ 20,000 ಗ್ಯಾಸ್ ಬೇಕು. ಗ್ಯಾಸ್ ಅಂದರೆ ಅಲ್ಲಿನ ಕೆಲಸದ ಅಳತೆ, ಅದಕ್ಕೆ ದುಡ್ಡು ಕಟ್ಟಬೇಕು. ಮೂರು ಎಂಬಿ ಫೋಟೋವನ್ನು ಹೀಗೆ ಬರೆದರೆ ಸುಮಾರು 200 ಕೋಟಿ ಗ್ಯಾಸ್. ಅಷ್ಟು ದುಡ್ಡು ಸುರಿಯುವ ಬದಲು ಹೆಚ್ಚಿನವರು ಲಿಂಕ್ ಹಾಕುತ್ತಾರೆ.

ಲಿಂಕ್‌ನ ಆಚೆ ಏನಿರಬೇಕು ಅಂತ ತೀರ್ಮಾನಿಸುವುದು ಸರ್ವರ್ ಇಟ್ಟವನು. ಸಿಗ್ನಲ್ ಆ್ಯಪ್ ಕಟ್ಟಿದ ಮಾಕ್ಸಿ ಮಾರ್ಲಿನ್‌ಸ್ಪೈಕ್ ಇದನ್ನು ಮಾಡಿಯೇ ತೋರಿಸಿದರು. 2022ರ ಜನವರಿಯಲ್ಲಿ ಅವರು ಇದನ್ನು ಬರೆದರು. ಅವರ ಎನ್‌ಎಫ್‌ಟಿ ಓಪನ್‌ಸೀ ಎಂಬ ಎನ್‌ಎಫ್‌ಟಿ ಮಾರುಕಟ್ಟೆಯಲ್ಲಿ ಒಂದು ಚಿತ್ರವಾಗಿ, ರಾರಿಬಲ್ ಎಂಬ ಮಾರುಕಟ್ಟೆಯಲ್ಲಿ ಇನ್ನೊಂದಾಗಿ, ಕೊಂಡವನು ತನ್ನ ಟೋಕನ್‌ಗಳನ್ನು ನೋಡುವ ವ್ಯಾಲೆಟ್ ಆ್ಯಪ್‌ನಲ್ಲಿ ಮಲದ ಎಮೋಜಿಯಾಗಿ ಕಾಣುತ್ತಿತ್ತು! ಯಾರು ಕೇಳುತ್ತಿದ್ದಾರೆ ಅಂತ ನೋಡಿ ಸರ್ವರ್ ಬೇರೆ ಬೇರೆ ಚಿತ್ರ ಕೊಡುತ್ತಿತ್ತು. ಕೆಲವು ದಿನಗಳಲ್ಲಿ ಓಪನ್‌ಸೀ ಅದನ್ನು ತೆಗೆದುಹಾಕಿತು. ಆಗ ವ್ಯಾಲೆಟ್‌ನಿಂದಲೂ ಅದು ಮಾಯವಾಯಿತು. ಯಾಕಂದರೆ ವ್ಯಾಲೆಟ್ ಪಟ್ಟಿ ಕೇಳುತ್ತಿದ್ದದ್ದು ಚೈನ್‌ನನ್ನಲ್ಲ, ಓಪನ್‌ಸೀಯನ್ನು. ಟೋಕನ್ ಮಾತ್ರ ಚೈನ್‌ನಲ್ಲಿ ಇದ್ದಲ್ಲೇ ಇತ್ತು.

ಸ್ವಲ್ಪ ವಾಸಿಯಾದ ದಾರಿಯೂ ಇದೆ. ಲಿಂಕ್ `ipfs://` ಅಂತ ಶುರುವಾದರೆ ಅದರಲ್ಲಿರುವುದು ಜಾಗದ ಹೆಸರಲ್ಲ, ಫೈಲಿನಿಂದಲೇ ಲೆಕ್ಕ ಹಾಕಿ ತೆಗೆದ ಗುರುತು. ಒಂದು ಚುಕ್ಕಿ ಬದಲಾದರೂ ಗುರುತು ಬದಲಾಗುತ್ತದೆ, ಹಾಗಾಗಿ ಯಾರೂ ಗುಟ್ಟಾಗಿ ಚಿತ್ರ ಬದಲಿಸಲಾರರು. ಆದರೂ ಆ ಫೈಲನ್ನು ಯಾರಾದರೂ ತಮ್ಮ ಕಂಪ್ಯೂಟರ್‌ನಲ್ಲಿ ಇಟ್ಟುಕೊಂಡಿರಲೇಬೇಕು. ಎಲ್ಲರೂ ಕೈಬಿಟ್ಟರೆ ಗುರುತು ಉಳಿಯುತ್ತದೆ, ಫೋಟೋ ಸಿಗುವುದಿಲ್ಲ.

ಇನ್ನು ಗೆಳೆಯನ ಅಸಲಿ ಪ್ರಶ್ನೆ. ಟೋಕನ್ ಮಾಡುವಾಗ ಫೋಟೋ ನಿನ್ನದೇನಾ ಅಂತ ಕಾಂಟ್ರಾಕ್ಟ್ ಕೇಳುವುದಿಲ್ಲ, ಕೇಳಲು ಅದಕ್ಕೆ ದಾರಿಯೂ ಇಲ್ಲ. ನಮ್ಮಲ್ಲಿ ಜಮೀನಿನ ಕ್ರಯಪತ್ರ ನೋಂದಣಿಯಾದ ಮಾತ್ರಕ್ಕೆ ಮಾರಿದವನ ಹಕ್ಕು ಶುದ್ಧ ಅಂತೇನಿಲ್ಲ, ಅಲ್ವಾ? ವ್ಯಾಜ್ಯ ನೋಡಿದವರಿಗೆ ಗೊತ್ತು. ಇಲ್ಲಿ ಅದಕ್ಕಿಂತ ಸಡಿಲ. ಅದೇ ಫೋಟೋಗೆ ಬೇರೆ ಕಾಂಟ್ರಾಕ್ಟ್‌ನಲ್ಲಿ ಇನ್ನೊಂದು ಟೋಕನ್ ಮಾಡಿದರೂ ತಡೆಯುವವರಿಲ್ಲ. ತನ್ನ ಉಚಿತ ಸೌಲಭ್ಯ ಬಳಸಿ ಮಾಡಿದ ಟೋಕನ್‌ಗಳಲ್ಲಿ ಶೇ. 80ಕ್ಕಿಂತ ಜಾಸ್ತಿ ಕದ್ದವು, ನಕಲಿ ಅಥವಾ ಕಸ ಎಂದು ಓಪನ್‌ಸೀಯೇ 2022ರಲ್ಲಿ ಹೇಳಿತ್ತು.

ಕಾನೂನಿನ ಪ್ರಕಾರ ಕೃತಿಸ್ವಾಮ್ಯ ಗೆಳೆಯನದ್ದೇ. 1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಆ ಹಕ್ಕನ್ನು ಇನ್ನೊಬ್ಬರಿಗೆ ಕೊಡಬೇಕಾದರೆ ಬರವಣಿಗೆ ಬೇಕು, ಕೊಡುವವನ ಸಹಿ ಬೇಕು. ಅವನು ಯಾವುದಕ್ಕೂ ಸಹಿ ಹಾಕಿರಲಿಲ್ಲ. ನಿಜವಾದ ಕಲಾವಿದನಿಂದಲೇ ಟೋಕನ್ ಕೊಂಡಿದ್ದರೂ ಅಷ್ಟೆ. ಜೊತೆಗೆ ಬೇರೆ ಪತ್ರ ಇಲ್ಲದಿದ್ದರೆ ಫೋಟೋವನ್ನು ಕ್ಯಾಲೆಂಡರ್‌ಗೆ ಅಚ್ಚು ಹಾಕುವ ಹಕ್ಕು ಕೊಂಡವನಿಗೆ ಬರುವುದಿಲ್ಲ.

ಗೆಳೆಯ ಮೂಲ ಫೈಲಿನ ಸಮೇತ ಮಾರುಕಟ್ಟೆಗೆ ದೂರು ಕಳಿಸಿದ. ಪುಟ ಹೋಯಿತು. ಇನ್ನೂ ಕೆಲವು ದಿನಕ್ಕೆ ಸರ್ವರ್‌ನ ಲಿಂಕ್ ಒತ್ತಿದರೆ ಬರೀ `404`, ಫೈಲ್ ಇಲ್ಲ ಅಂತ. ಮೊನ್ನೆ ಸುಮ್ನೆ ಕುತೂಹಲಕ್ಕೆ ಮತ್ತೆ `ownerOf(7)` ಕೇಳಿ ನೋಡಿದೆ. ಅದೇ ವಿಳಾಸ ಬಂತು.