ಮಾನಿಟರ್ ಎತ್ತರಿಸಿದರೂ ಕುತ್ತಿಗೆ ನೋವು ಯಾಕೆ ಹೋಗಲಿಲ್ಲ?

ಪ್ರಶ್ನೆ: ನಾನು ಬೆಂಗಳೂರಿನ ಒಂದು ಕಾಲ್ ಸೆಂಟರ್‌ನಲ್ಲಿ ಕೆಲಸ ಮಾಡುತ್ತೇನೆ. ಎತ್ತರ 5 ಅಡಿ 1 ಇಂಚು. ಮಧ್ಯಾಹ್ನ ಆಗುವಷ್ಟರಲ್ಲಿ ಕುತ್ತಿಗೆ, ಭುಜ ಕಲ್ಲಿನ ಹಾಗೆ ಆಗುತ್ತದೆ. ಮಾನಿಟರ್ ಎತ್ತರದಲ್ಲಿ ಇರಬೇಕು ಅಂತ ಎಲ್ಲರೂ ಹೇಳಿದರು. ಅಡಿಗೆ ಎರಡು ದಪ್ಪ ರಿಜಿಸ್ಟರ್ ಇಟ್ಟೆ. ನೋವು ಇನ್ನೂ ಜಾಸ್ತಿ ಆಯಿತು. ಒಳ್ಳೆ ಕುರ್ಚಿ ಕೊಂಡರೆ ಸರಿಹೋಗುತ್ತದಾ?

ಉತ್ತರ: ಕುರ್ಚಿಗೆ ದುಡ್ಡು ಹಾಕುವುದನ್ನು ಸದ್ಯ ಬಿಡಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ಆಗಿದೆ. ನೋವು ಕುತ್ತಿಗೆಯಲ್ಲಿದೆ ಅಂತ ನೀವು ಮಾನಿಟರ್ ಮುಟ್ಟಿದಿರಿ. ಆದರೆ ನಿಮ್ಮ ತೊಂದರೆ ಶುರುವಾಗಿರುವುದು ಮೇಜಿನಿಂದ.

ನಮ್ಮ ಆಫೀಸು ಮೇಜುಗಳು ಬಹುಪಾಲು 73ರಿಂದ 75 ಸೆಂಟಿಮೀಟರ್ ಎತ್ತರ ಇರುತ್ತವೆ. ಏರಿಸಲು ಇಳಿಸಲು ಬರುವುದಿಲ್ಲ. ನಿಮ್ಮ ಎತ್ತರದವರು ಪಾದ ನೆಲಕ್ಕೆ ಊರುವ ಹಾಗೆ ಕೂತರೆ ಸೀಟು ಸುಮಾರು 41 ಸೆಂ.ಮೀ.ಗೆ ಬರುತ್ತದೆ. ಸೀಟಿನಿಂದ ಮೊಣಕೈಗೆ ಇನ್ನೊಂದು 22. ಅಂದರೆ ಮೊಣಕೈ ನೆಲದಿಂದ 63ರಲ್ಲಿದೆ. ಕೀಬೋರ್ಡ್ ಇರುವುದು 76ರ ಹತ್ತಿರ. ಮಧ್ಯೆ ಅರ್ಧ ಗೇಣಿಗಿಂತ ಜಾಸ್ತಿ ಅಂತರ! ಅದನ್ನು ತುಂಬುವುದು ಯಾರು? ನಿಮ್ಮ ಭುಜ. ಎಂಟು ಗಂಟೆ ಭುಜ ಎತ್ತಿಕೊಂಡೇ ಟೈಪ್ ಮಾಡುತ್ತೀರಿ, ನಿಮಗೆ ಗೊತ್ತೇ ಆಗುವುದಿಲ್ಲ. ಭುಜವನ್ನು ಎತ್ತುವ ಸ್ನಾಯು ಕುತ್ತಿಗೆಯಿಂದಲೇ ಇಳಿದು ಬರುವಂಥದ್ದು. ಹಾಗಾಗಿ ನೋವು ಎರಡೂ ಕಡೆ.

ಬೇಕಾದರೆ ಈಗಲೇ ನೋಡಿ. ಟೈಪ್ ಮಾಡುತ್ತಿರುವಾಗ ಉಸಿರು ಬಿಟ್ಟು ಭುಜ ಸಡಿಲ ಮಾಡಿ. ಭುಜ ಕೆಳಗೆ ಜಾರಿತು ಅಂದರೆ ಅಲ್ಲಿಯವರೆಗೆ ಅದು ಎತ್ತಿಕೊಂಡೇ ಇತ್ತು.

ಆದ್ದರಿಂದ ಮೊದಲು ಕುರ್ಚಿ. ಅದೂ ಪಾದ ನೋಡಿಕೊಂಡಲ್ಲ, ಮೊಣಕೈ ನೋಡಿಕೊಂಡು. ಬಲಗಡೆ ಇರುವ ಲಿವರ್ ಎತ್ತಿ, ಸ್ವಲ್ಪ ಎದ್ದು ಸೀಟಿನ ಮೇಲಿನ ಭಾರ ತೆಗೆದರೆ ಅದು ಮೇಲೆ ಬರುತ್ತದೆ. ತೋಳು ಪಕ್ಕಕ್ಕೆ ಸಡಿಲವಾಗಿ ಇಳಿದು, ಮೊಣಕೈ ಹೆಚ್ಚುಕಡಿಮೆ ಕೀಬೋರ್ಡಿನ ಮಟ್ಟಕ್ಕೆ ಬಂದಾಗ ನಿಲ್ಲಿಸಿ. ನಿಮಗೆ ಆಗ ಸೀಟು 52ರ ಆಸುಪಾಸು ಇರಬಹುದು. ಈಗ ಕಾಲು ತೂಗಾಡುತ್ತದೆ. ಇಲ್ಲೇ ಎಲ್ಲರೂ ಹೆದರಿ ಕುರ್ಚಿ ಮತ್ತೆ ಇಳಿಸಿಬಿಡುತ್ತಾರೆ! ಇಳಿಸಬೇಡಿ. ಕಾಲಡಿಗೆ ಏನಾದರೂ ಇಡಿ. ಐನೂರು ಹಾಳೆಯ ಎ4 ಪೇಪರ್ ಕಟ್ಟು ಸುಮಾರು 5 ಸೆಂ.ಮೀ. ದಪ್ಪ ಇರುತ್ತದೆ. ಅಂಥ ಎರಡು ಕಟ್ಟನ್ನು ಅಕ್ಕಪಕ್ಕ ಅಲ್ಲ, ಒಂದರ ಮೇಲೊಂದು ಇಟ್ಟು, ಎರಡು ಪಾದಕ್ಕೂ ಒಂದೊಂದು ಜೋಡಿ ಮಾಡಿದರೆ ಲೆಕ್ಕ ಸರಿಹೋಗುತ್ತದೆ. ಆಫೀಸಿನಲ್ಲಿ ಫುಟ್‌ರೆಸ್ಟ್ ಕೇಳಿ ಪಡೆಯುವ ತನಕ ಇದು ಸಾಕು. ತೂಗಾಡುವ ಕಾಲು ಸುಮ್ನೆ ಬಿಡುವ ವಿಷಯ ಅಲ್ಲ. ಸೀಟಿನ ಅಂಚು ತೊಡೆಯನ್ನು ಅಡಿಯಿಂದ ಒತ್ತಿ ಕಾಲು ಜೋಮು ಹಿಡಿಯುತ್ತದೆ. ಆಮೇಲೆ ನೀವೇ ಸೀಟಿನ ತುದಿಗೆ ಜಾರುತ್ತೀರಿ, ಬೆನ್ನಿಗೆ ಆಸರೆ ಹೋಗುತ್ತದೆ.

ಹಿಂದಕ್ಕೆ ಸರಿದು ಸೊಂಟ ಒರಗಿಸಿ ಕೂತಾಗ ಮಂಡಿಯ ಹಿಂಭಾಗಕ್ಕೂ ಸೀಟಿನ ಅಂಚಿಗೂ ಎರಡು ಮೂರು ಬೆರಳು ಜಾಗ ಇರಬೇಕು. ಗಿಡ್ಡಗಿರುವವರಿಗೆ ಅಷ್ಟು ಉಳಿಯುವುದಿಲ್ಲ. ಸೀಟು ಮುಂದೆ ಹಿಂದೆ ಸರಿಯದಿದ್ದರೆ, ಸೊಂಟದ ಹಿಂದೆ ಸುರುಳಿ ಸುತ್ತಿದ ಟವೆಲ್ ಇಡಿ. ಇನ್ನೊಂದು ಕಿರಿಕಿರಿ ಕೈಯಾಸರೆ. ಅದು ಮೇಜಿನ ಅಂಚಿಗೆ ತಾಗಿದರೆ ಕುರ್ಚಿ ಒಳಗೆ ಹೋಗುವುದೇ ಇಲ್ಲ, ನೀವು ಮುಂದಕ್ಕೆ ಬಾಗುತ್ತೀರಿ. ಆಗ ಅದನ್ನು ಪೂರ್ತಿ ಇಳಿಸಿ.

ಈಗ ಮಾನಿಟರ್. ಕುರ್ಚಿ ಏರಿದ ಮೇಲೆ ನಿಮ್ಮ ಕಣ್ಣೂ 11 ಸೆಂ.ಮೀ. ಮೇಲೆ ಬಂದಿದೆ, ಅಲ್ವಾ? ಮೊದಲು ಕಣ್ಣು ಮೇಜಿನಿಂದ ಸುಮಾರು 37 ಸೆಂ.ಮೀ. ಎತ್ತರದಲ್ಲಿತ್ತು. ಸ್ಟ್ಯಾಂಡ್ ಮೇಲಿನ ಸಾಮಾನ್ಯ ಮಾನಿಟರಿನ ಮೇಲಂಚು 44ರ ಹತ್ತಿರ ಇದ್ದರೆ ಅದೇ ನಿಮ್ಮ ಕಣ್ಣಿಗಿಂತ ಎತ್ತರವಾಗಿತ್ತು. ಮೇಲೆ ನೀವು ರಿಜಿಸ್ಟರ್ ಬೇರೆ ಇಟ್ಟಿರಿ! ಗಲ್ಲ ಮೇಲೆತ್ತಿ ನೋಡುವ ಹಾಗಾಯಿತು. ಈಗ ಕಣ್ಣು 48ರಲ್ಲಿದೆ. ರಿಜಿಸ್ಟರ್ ತೆಗೆದರೆ ಮೇಲಂಚು ಕಣ್ಣಿಗಿಂತ ಸ್ವಲ್ಪ ಕೆಳಗೆ ಬರುತ್ತದೆ. ಅದೇ ಬೇಕಾದದ್ದು. ಮಾನಿಟರ್ ಕಣ್ಣಿನ ಮಟ್ಟದಲ್ಲಿರಬೇಕು ಅಂದಾಗ ಪರದೆಯ ಮಧ್ಯಭಾಗ ಅಂತ ತುಂಬ ಜನ ತಿಳಿಯುತ್ತಾರೆ. ಅಲ್ಲ, ಮೇಲಿನ ಸಾಲು. ಉಳಿದದ್ದನ್ನು ಕಣ್ಣು ಕೆಳಗಿಳಿಸಿ ಓದುವುದು ಆರಾಮ. ದೂರ ಒಂದು ತೋಳುದ್ದ ಇರಲಿ. ಅಲ್ಲಿಂದ ಅಕ್ಷರ ಕಾಣದಿದ್ದರೆ ಅಕ್ಷರ ದೊಡ್ಡದು ಮಾಡಿ, ತಲೆ ಮುಂದೆ ಚಾಚಬೇಡಿ.

ಓದುವ ಭಾಗ ಕೆಳಗಿರುವ ಬೈಫೋಕಲ್ ಅಥವಾ ಪ್ರೋಗ್ರೆಸಿವ್ ಕನ್ನಡಕ ಹಾಕುವವರಿಗೆ ಈ ನಿಯಮ ಹೊಂದುವುದಿಲ್ಲ. ಅವರು ಕೆಳಗಿನ ಗಾಜಿನಲ್ಲಿ ನೋಡಲು ಗಲ್ಲ ಎತ್ತುತ್ತಾರೆ. ಅವರು ಮಾನಿಟರ್ ಇನ್ನೂ ಇಳಿಸಿ, ಪರದೆಯನ್ನು ಸ್ವಲ್ಪ ಹಿಂದಕ್ಕೆ ವಾಲಿಸಬೇಕು.

ಸಾಫ್ಟ್‌ವೇರ್‌ನವರ ಲ್ಯಾಪ್‌ಟಾಪ್ ಕತೆಯೇ ಬೇರೆ. ಪರದೆ ಎತ್ತರಿಸಿದರೆ ಕೀಬೋರ್ಡೂ ಮೇಲೆ ಹೋಗುತ್ತದೆ. ಪರದೆ, ಕೀಬೋರ್ಡ್ ಎರಡೂ ಅಂಟಿಕೊಂಡಿರುವ ತನಕ ಒಂದು ಸರಿಯಿದ್ದರೆ ಇನ್ನೊಂದು ತಪ್ಪು. ಲ್ಯಾಪ್‌ಟಾಪ್ ಅಡಿಗೆ ಒಂದು ಗೇಣು ಎತ್ತರ ಕೊಟ್ಟು, ಬೇರೆ ಕೀಬೋರ್ಡ್, ಮೌಸ್ ಹಾಕಿಕೊಳ್ಳಿ. ಕುರ್ಚಿಗೆ ಹಾಕುವ ದುಡ್ಡಿಗಿಂತ ಇದು ಎಷ್ಟೋ ಅಗ್ಗ.

ಇಷ್ಟೆಲ್ಲ ಸರಿಮಾಡಿದರೂ ಅಲ್ಲಾಡದೆ ಕೂತರೆ ನೋವು ಬರುತ್ತದೆ. ಸ್ನಾಯು ಬಿಗಿದೇ ಇದ್ದರೆ ಅದಕ್ಕೆ ರಕ್ತ ಸರಿಯಾಗಿ ಹರಿಯುವುದಿಲ್ಲ. ಬ್ರಿಟನ್ನಿನಲ್ಲಿ ಪರದೆ ಕೆಲಸಕ್ಕೆ 1992ರಲ್ಲಿ ಮಾಡಿದ ಪ್ರತ್ಯೇಕ ನಿಯಮಗಳಿವೆ. ಎರಡು ಗಂಟೆಗೊಮ್ಮೆ 20 ನಿಮಿಷ ಏಳುವುದಕ್ಕಿಂತ ಗಂಟೆಗೊಮ್ಮೆ 5ರಿಂದ 10 ನಿಮಿಷ ಏಳುವುದೇ ಮೇಲು ಅನ್ನುವುದು ಅಲ್ಲಿನ ಸುರಕ್ಷತಾ ಇಲಾಖೆಯ ಸಲಹೆ.

"ನಮಗೆ ಶಿಫ್ಟಿಗೆ ಸಿಗುವುದೇ ಮೂರು ಬ್ರೇಕು, ಗಂಟೆಗೊಮ್ಮೆ ಎಲ್ಲಿಂದ ತರಲಿ?" ಅಂತ ನೀವು ಕೇಳುತ್ತೀರಿ. ಸರಿಯೇ. ಹಾಗಿದ್ದರೆ ಎದ್ದು ಹೋಗುವುದನ್ನು ಬಿಟ್ಟು ಎದ್ದು ನಿಲ್ಲುವುದನ್ನು ನೋಡಿ. ಹೆಡ್‌ಸೆಟ್ ವೈರು ಉದ್ದ ಇದ್ದರೆ, ಟೈಪ್ ಮಾಡುವುದು ಕಡಿಮೆ ಇರುವ ಕರೆಯನ್ನು ನಿಂತೇ ಮಾತಾಡಿ. ಗ್ರಾಹಕರನ್ನು ಹೋಲ್ಡ್‌ನಲ್ಲಿ ಇಟ್ಟಾಗ, ಪುಟ ಲೋಡ್ ಆಗುವಾಗ, ಕೈಗಳನ್ನು ತೊಡೆಯ ಮೇಲೆ ಇಳಿಸಿ, ದೂರದ ಗೋಡೆ ನೋಡಿ, ಕಣ್ಣು ಚೆನ್ನಾಗಿ ಮಿಟುಕಿಸಿ. ಪರದೆ ನೋಡುವಾಗ ನಾವು ಕಣ್ಣು ಮಿಟುಕಿಸುವುದೇ ಕಡಿಮೆ, ಉರಿಗೆ ಅದೇ ಒಂದು ಕಾರಣ. ಮತ್ತೆ, ಸಿಕ್ಕ ಟೀ ಬ್ರೇಕಿನಲ್ಲಿ ತಲೆ ಬಗ್ಗಿಸಿ ಮೊಬೈಲ್ ನೋಡಿದರೆ ಕುತ್ತಿಗೆಗೆ ಅದು ಬ್ರೇಕೇ ಅಲ್ಲ.

ದಿನಾ ಬೇರೆ ಸೀಟು ಸಿಗುತ್ತದೆ ಅಂದರೆ ಒಂದು ಗುರುತು ಇಟ್ಟುಕೊಳ್ಳಿ. ಸರಿಯಾದ ಎತ್ತರಕ್ಕೆ ತಂದ ದಿನ ಕುರ್ಚಿ ಪಕ್ಕ ನಿಂತು, ಸೀಟು ಮಂಡಿಚಿಪ್ಪಿನಿಂದ ಎಷ್ಟು ಬೆರಳು ಮೇಲಿದೆ ನೋಡಿ. ಮರುದಿನ ಲಾಗಿನ್ ಆಗುವ ಮೊದಲು ಅಷ್ಟಕ್ಕೆ ತನ್ನಿ, ಅರ್ಧ ನಿಮಿಷದ ಕೆಲಸ.

ಇದನ್ನು ಎರಡು ಮೂರು ವಾರ ಮಾಡಿ ನೋಡಿ. ಆದರೆ ನೋವು ತೋಳಿನುದ್ದ ಇಳಿಯುತ್ತಿದ್ದರೆ, ರಾತ್ರಿ ಬೆರಳು ಜೋಮು ಹಿಡಿದು ಎಚ್ಚರ ಆಗುತ್ತಿದ್ದರೆ ಅಥವಾ ಕೈಯಿಂದ ಲೋಟ ಜಾರುತ್ತಿದ್ದರೆ ಕಾಯಬೇಡಿ. ಅದು ನರದ ವಿಷಯ ಇರಬಹುದು, ಡಾಕ್ಟರಿಗೆ ತೋರಿಸಿ.