ಕಣ್ಣಾಮುಚ್ಚಾಲೆಯಿಂದ ಕ್ರಿಕೆಟ್‌ವರೆಗೆ: ಮಗು ‘ಎಲ್ಲರನ್ನೂ’ ಕಲಿಯುವ ಬಗೆ

ಮೂರು ವರ್ಷದ ಮಗುವಿನೊಡನೆ ಕಣ್ಣಾಮುಚ್ಚಾಲೆ ಆಡಿದವರಿಗೆಲ್ಲ ಇದು ಗೊತ್ತಿರುತ್ತದೆ. ನೀವು ಈಗಷ್ಟೇ ಅಡಗಿ ಸಿಕ್ಕಿಬಿದ್ದ ಪರದೆಯ ಹಿಂದೆಯೇ ಅದೂ ಹೋಗಿ ಅಡಗುತ್ತದೆ. ‘ಎಲ್ಲಿದ್ದೀಯ?’ ಎಂದು ಕೂಗಿದರೆ ‘ಇಲ್ಲಿದ್ದೇನೆ!’ ಎಂದು ಉತ್ತರವನ್ನೂ ಕೊಡುತ್ತದೆ. ನಾವು ನಗುತ್ತೇವೆ. ಆದರೆ ಮಗುವಿಗೆ ಅಡಗುವುದು ಗೊತ್ತು, ಹುಡುಕುವುದೂ ಗೊತ್ತು. ಅಡಗಿ ಕುಳಿತಿರುವಾಗಲೇ ಹುಡುಕುವವನ ಮನಸ್ಸಿನಲ್ಲೂ ಕುಳಿತಿರುವುದು ಮಾತ್ರ ಅದಕ್ಕೆ ಇನ್ನೂ ಒಲಿದಿಲ್ಲ.

ಈ ಸಣ್ಣ ಕೊರತೆ ತುಂಬಿಕೊಳ್ಳುವ ಬಗೆಯಲ್ಲೇ ‘ನಾನು’ ಎಂಬುದರ ಹುಟ್ಟಿದೆ ಎಂದು ಕಂಡುಕೊಂಡವರು ಅಮೆರಿಕದ ತತ್ತ್ವಶಾಸ್ತ್ರಜ್ಞ ಜಾರ್ಜ್ ಹರ್ಬರ್ಟ್ ಮೀಡ್. 1894ರಿಂದ 1931ರಲ್ಲಿ ತೀರಿಕೊಳ್ಳುವವರೆಗೂ ಅವರು ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. ತಮ್ಮ ಸಿದ್ಧಾಂತವನ್ನು ಅವರು ಪುಸ್ತಕವಾಗಿ ಬರೆಯಲೇ ಇಲ್ಲ. ತರಗತಿಯಲ್ಲಿ ಆಡಿದ ಮಾತುಗಳ ಶೀಘ್ರಲಿಪಿ ಪ್ರತಿ ಮತ್ತು ವಿದ್ಯಾರ್ಥಿಗಳ ಟಿಪ್ಪಣಿಗಳನ್ನು ಜೋಡಿಸಿ 1934ರಲ್ಲಿ ಗ್ರಂಥ ಹೊರತಂದವರು ಚಾರ್ಲ್ಸ್ ಮಾರಿಸ್. ಪಠ್ಯಪುಸ್ತಕಗಳಲ್ಲಿ ನಾವು ಓದುವ ಅಚ್ಚುಕಟ್ಟಾದ ಮೂರು ಹಂತಗಳು ನಂತರದವರು ಒಪ್ಪಮಾಡಿದವು. ಮೀಡ್ ಒತ್ತಿ ಹೇಳಿದ್ದು ಎರಡನ್ನೇ: ನಿಯಮವಿಲ್ಲದ ಆಟ ಮತ್ತು ನಿಯಮವಿರುವ ಪಂದ್ಯ. ಅವುಗಳಿಗೆ ಮೊದಲಿನ ಬರಿಯ ಅನುಕರಣೆಯನ್ನು ‘ಪೂರ್ವಸಿದ್ಧತಾ ಹಂತ’ ಎಂದು ಸೇರಿಸಿ ಮೂರು ಮಾಡುವುದು ವಾಡಿಕೆಯಾಗಿದೆ.

ಹೀಗೆ ಮನಸ್ಸಿನಲ್ಲೇ ಇನ್ನೊಬ್ಬರ ಪಾತ್ರ ವಹಿಸುವುದು ಸಾಧ್ಯವಾಗುವುದಾದರೂ ಹೇಗೆ? ಮೀಡ್ ಅವರ ಉತ್ತರ ಕಿವಿಯಲ್ಲಿದೆ, ನನಗೆ ಅವರ ವಿಚಾರಗಳಲ್ಲೆಲ್ಲ ಅತ್ಯಂತ ಪ್ರಿಯವಾದದ್ದೂ ಇದೇ. ಎರಡು ನಾಯಿಗಳು ಕಚ್ಚಾಡುವ ಮುನ್ನ ಒಂದು ಹಲ್ಲು ತೋರಿಸುತ್ತದೆ, ಇನ್ನೊಂದು ಹಿಂದೆ ಸರಿಯುತ್ತದೆ. ಹಲ್ಲು ತೋರಿಸಿದ ನಾಯಿಗೆ ತನ್ನ ಹಲ್ಲು ಕಾಣುವುದಿಲ್ಲ. ನಮಗೂ ಕೋಪದಲ್ಲಿ ಗಂಟಿಕ್ಕಿದ ನಮ್ಮ ಹುಬ್ಬು ಕಾಣುವುದಿಲ್ಲ. ಧ್ವನಿ ಮಾತ್ರ ಬೇರೆ. ಆಡಿದವನ ಬಾಯಿಂದ ಹೊರಟ ಮಾತು ಕೇಳುವವನ ಕಿವಿಗೆ ಬೀಳುವಾಗಲೇ ಆಡಿದವನ ಕಿವಿಗೂ ಬೀಳುತ್ತದೆ. ಬಾವಿಗೆ ಬಗ್ಗಿ ಕೂಗಿದವನಿಗೆ ತನ್ನ ಕೂಗೇ ಮರಳಿ ಕೇಳಿಸುವ ಹಾಗೆ. ತಾನು ಬರೆದ ಕಾಗದವನ್ನು ಅಂಚೆಗೆ ಹಾಕುವ ಮೊದಲು ಅದು ತಲುಪಬೇಕಾದವರ ಕಣ್ಣಿನಿಂದ ಒಮ್ಮೆ ಓದಿಕೊಳ್ಳುವ ಹಾಗೆ. ಆಡುವವನು ತನ್ನ ಮಾತಿನ ಮೊದಲ ಕೇಳುಗನೂ ಆಗಿರುವುದರಿಂದ, ಎದುರಿನವನು ಹೇಗೆ ಉತ್ತರಿಸಿಯಾನು ಎಂಬುದು ಅವನೊಳಗೇ ಮೊಳೆಯತೊಡಗುತ್ತದೆ.

ಈಗ ಅಂಗಡಿಯಾಟ ಆಡುವ ನಾಲ್ಕು ವರ್ಷದ ಒಂಟಿ ಮಗುವನ್ನು ನೋಡಿ. ‘ಏನು ಬೇಕು?’ ಎಂದು ದಪ್ಪ ದನಿಯಲ್ಲಿ ಕೇಳುತ್ತದೆ. ಇತ್ತ ಬಂದು ನಿಂತು ‘ಪೆನ್ಸಿಲ್ ಕೊಡಿ’ ಎನ್ನುತ್ತದೆ. ಮತ್ತೆ ಅತ್ತ ಹೋಗಿ ಪೆನ್ಸಿಲ್ ಕೊಡುತ್ತದೆ. ಇದನ್ನು ‘ದೊಡ್ಡವರ ನಕಲು’ ಎಂದು ತಳ್ಳಿಹಾಕುವವರನ್ನು ಕಂಡರೆ ನನಗೆ ತಾಳ್ಮೆ ಕೆಡುತ್ತದೆ. ಒಂದು ವರ್ಷದ ಕೂಸು ಮೊಬೈಲನ್ನು ಕಿವಿಗಿಟ್ಟುಕೊಂಡರೆ ಅದು ನಕಲು. ಇಲ್ಲಿ ಹಾಗಲ್ಲ: ತಾನೇ ಕೇಳಿದ ಪ್ರಶ್ನೆಗೆ ಬೇರೊಬ್ಬರಾಗಿ ತಾನೇ ಉತ್ತರಿಸುತ್ತಿದೆ. ಒಂದು ಪಾತ್ರ ಇನ್ನೊಂದನ್ನು ಎಬ್ಬಿಸುತ್ತಿದೆ. ಆದರೆ ಪಾತ್ರಗಳು ಬರುವುದು ಒಂದರ ನಂತರ ಒಂದಾಗಿ. ಅಂಗಡಿಯವನು ಇದ್ದಾಗ ಗಿರಾಕಿ ಇಲ್ಲ. ಮುಂದಿನ ಗಳಿಗೆಯಲ್ಲಿ ಅಂಗಡಿಯೇ ಬಸ್ಸಾದರೂ ಯಾರ ತಕರಾರೂ ಇಲ್ಲ, ಏಕೆಂದರೆ ಪಾತ್ರಗಳನ್ನು ಒಟ್ಟಿಗೆ ಹಿಡಿದಿಡುವ ನಿಯಮವಿಲ್ಲ.

ಕಣ್ಣಾಮುಚ್ಚಾಲೆಗೆ ಬೇಕಾದದ್ದು ಎರಡೇ ಪಾತ್ರ ಎಂದು ಮೀಡ್ ಗುರುತಿಸಿದ್ದರು: ಹುಡುಕುವವರು ಮತ್ತು ಅಡಗುವವರು. ಪಂದ್ಯದ ಕಷ್ಟ ತೋರಿಸಲು ಅವರು ಒಂಬತ್ತು ಜನರ ಬೇಸ್‌ಬಾಲ್ ತಂಡವನ್ನು ಆರಿಸಿಕೊಂಡರು. ನಮಗೆ ಕ್ರಿಕೆಟ್ ಹೆಚ್ಚು ಸಲೀಸು. ಬ್ಯಾಟ್ಸ್‌ಮನ್ ಚೆಂಡನ್ನು ಕವರ್ ಕಡೆಗೆ ಮೆಲ್ಲಗೆ ತಳ್ಳಿ ಒಂದು ರನ್ನಿಗೆ ಓಡುತ್ತಾನೆ. ಕವರ್‌ನಲ್ಲಿರುವ ಹುಡುಗಿ ಬಗ್ಗಿ ಚೆಂಡೆತ್ತಿಕೊಂಡು, ತಲೆ ಎತ್ತುವ ಮೊದಲೇ ಬೌಲರ್ ಕಡೆಯ ವಿಕೆಟ್ಟಿಗೆ ಎಸೆಯುತ್ತಾಳೆ. ಎಸೆದದ್ದು ಯಾರಿಗೆ? ಆ ಕ್ಷಣದಲ್ಲಿ ಅಲ್ಲಿ ಯಾರೂ ಇಲ್ಲದಿರಬಹುದು. ಬೌಲರ್ ವಿಕೆಟ್ಟಿನ ಬಳಿಗೆ ಓಡಿ ಬರುತ್ತಾನೆ, ಎಸೆತ ತಪ್ಪಿದರೆ ತಡೆಯಲು ಮಿಡ್ ಆನ್‌ನವನು ಹಿಂದೆ ಬಂದು ನಿಲ್ಲುತ್ತಾನೆ ಎಂಬುದು ಅವಳ ಕೈಗೆ ಗೊತ್ತಿದೆ. ತಾನು ಅಲ್ಲಿಗೇ ಎಸೆಯುತ್ತೇನೆಂದು ಅವರಿಬ್ಬರಿಗೆ ಗೊತ್ತಿದೆ ಎಂಬುದೂ ಗೊತ್ತಿದೆ. ಬೌಲರ್ ಇವತ್ತೇ ತಂಡಕ್ಕೆ ಸೇರಿದ, ಹೆಸರೇ ತಿಳಿಯದ ಹುಡುಗನಾಗಿದ್ದರೂ ಎಸೆತ ಬದಲಾಗುವುದಿಲ್ಲ.

ಈ ಕೊನೆಯ ವಿವರವೇ ತಿರುಳು. ಅವಳು ತನ್ನೊಳಗೆ ಇಟ್ಟುಕೊಂಡಿರುವುದು ಹತ್ತು ಮಂದಿಯ ಮುಖಗಳನ್ನಲ್ಲ. ಯಾರೇ ಆ ಜಾಗದಲ್ಲಿ ನಿಂತರೂ ಏನು ಮಾಡಬೇಕು ಎಂಬ, ಒಂದಕ್ಕೊಂದು ಹೆಣೆದುಕೊಂಡ ನಿರೀಕ್ಷೆಗಳನ್ನು. ಮುಖಗಳು ಅಳಿಸಿ ಉಳಿದ ಈ ಹೆಣಿಗೆಯನ್ನು ಮೀಡ್ ‘ಸಾಮಾನ್ಯೀಕೃತ ಅನ್ಯ’ ಎಂದು ಕರೆದರು. ಅದು ಇನ್ನೂ ಮೂಡಿಲ್ಲದ ಮಕ್ಕಳ ಆಟ ನೋಡಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಚೆಂಡು ಹೋದಲ್ಲಿಗೆ ಎಲ್ಲರೂ ಜೇನುನೊಣಗಳಂತೆ ಮುತ್ತಿಕೊಳ್ಳುತ್ತಾರೆ, ವಿಕೆಟ್ಟಿನ ಬಳಿ ಒಬ್ಬರೂ ಇರುವುದಿಲ್ಲ. ಪರೀಕ್ಷಿಸಬೇಕೆಂದಿದ್ದರೆ ಚೆಂಡು ಸಿಕ್ಕಿದ ಮಗುವನ್ನು ಬಿಟ್ಟು ಸಿಗದಿರುವ ಮಗು ಎತ್ತ ಓಡುತ್ತದೆ ಎಂಬುದನ್ನು ಗಮನಿಸಿ.

ಮೀಡ್ ಈ ಹಂತಗಳಿಗೆ ವಯಸ್ಸಿನ ಗೆರೆ ಎಳೆಯಲಿಲ್ಲ, ಮಕ್ಕಳ ಮೇಲೆ ವ್ಯವಸ್ಥಿತ ಪ್ರಯೋಗವನ್ನೂ ನಡೆಸಲಿಲ್ಲ. ಅದೇ ಕಾಲದಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಗೋಲಿಯಾಡುವ ಹುಡುಗರ ನಡುವೆ ಕುಳಿತು ‘ನನಗೆ ಆಟ ಹೇಳಿಕೊಡಿ’ ಎಂದು ಕೇಳಿದವರು ಮನೋವಿಜ್ಞಾನಿ ಜೀನ್ ಪಿಯಾಜೆ. ಅವರು 1932ರಲ್ಲಿ ಪ್ರಕಟಿಸಿದ ಅವಲೋಕನಗಳ ಪ್ರಕಾರ ಚಿಕ್ಕವರು ಒಟ್ಟಿಗೆ ಕುಳಿತರೂ ತಂತಮ್ಮ ಆಟವನ್ನೇ ಆಡುತ್ತಿದ್ದರು, ಕೊನೆಗೆ ಎಲ್ಲರೂ ಗೆದ್ದಿರುತ್ತಿದ್ದರು! ಒಂದೇ ನಿಯಮಕ್ಕೆ ಬದ್ಧರಾಗಿ ಪೈಪೋಟಿಗಿಳಿಯುವುದು ಏಳೆಂಟು ವರ್ಷದ ಹೊತ್ತಿಗೆ. ನಿಯಮಗಳ ಒಳಹೊರಗೆಲ್ಲ ಬಲ್ಲವರಾಗುವುದು ಹನ್ನೊಂದು ಹನ್ನೆರಡರ ಸುಮಾರಿಗೆ.

ಮೀಡ್ ಅವರ ‘ಸಾಮಾನ್ಯೀಕೃತ ಅನ್ಯ’ದ ಪರಿಕಲ್ಪನೆಯನ್ನು ಕೇಳಿದ ಕೂಡಲೇ ‘ಅಂದರೆ ನಾಲ್ಕು ಜನ ಏನೆಂದಾರು ಎಂಬ ಭಯ ತಾನೇ?’ ಎನ್ನುವವರು ಬಹಳ. ಅಲ್ಲ. ಆ ನಾಲ್ಕು ಜನರು ಹೊರಗಿನಿಂದ ನೋಡುವ ಕಣ್ಣುಗಳು. ಅವರು ಅತ್ತ ತಿರುಗಿದರೆ ಭಯವೂ ಮುಗಿಯಿತು. ಮಗುವಿನ ಮಾತಿನಲ್ಲೇ ಈ ಭೇದವನ್ನು ಹಿಡಿಯಬಹುದು. ಗೋಡೆಯ ಮೇಲೆ ಏಕೆ ಗೀಚಬಾರದು ಎಂದು ಕೇಳಿದರೆ ಚಿಕ್ಕ ಮಗು ‘ಅಮ್ಮ ಬೈಯುತ್ತಾಳೆ’ ಎನ್ನುತ್ತದೆ. ಆ ನಿಷೇಧಕ್ಕೆ ಒಂದು ಮುಖವಿದೆ, ಅಮ್ಮ ಊರಲ್ಲಿಲ್ಲದಿದ್ದರೆ ಗೀಚಬಹುದು. ಕೆಲವು ವರ್ಷಗಳ ನಂತರ ಅದೇ ಮಗು ‘ಹಾಗೆಲ್ಲ ಗೀಚಬಾರದು’ ಎನ್ನುತ್ತದೆ. ನಮ್ಮ ‘ಬಾರದು’ ಎಷ್ಟು ಸೊಗಸಾದ ರೂಪ ನೋಡಿ: ನಾನು, ನೀನು, ಅವಳು, ಯಾರಿಗೂ ಅದು ಬದಲಾಗುವುದಿಲ್ಲ. ಹೇಳಿದವರ ಮುಖವೂ ಅದರಲ್ಲಿಲ್ಲ.

ಹಾಗೆಂದು ಮಗು ನಿಯಮದ ಗೊಂಬೆಯಾಗುವುದಿಲ್ಲ. ಒಳಗೆ ಬಂದು ಕುಳಿತ ಸಮುದಾಯಕ್ಕೆ ಎದುರುತ್ತರ ಕೊಡುವ ಇನ್ನೊಂದು ‘ನಾನು’ ಸದಾ ಇರುತ್ತದೆ, ಅದು ಏನು ಹೇಳೀತೆಂದು ಮೊದಲೇ ತಿಳಿಯಲಾಗದು ಎಂದು ಮೀಡ್ ಹೇಳಿದ್ದರು. ಪಿಯಾಜೆ ಮಾತನಾಡಿಸಿದ ಚಿಕ್ಕ ಮಕ್ಕಳಿಗೆ ಗೋಲಿಯ ನಿಯಮ ಹಿರಿಯರು ಕೊಟ್ಟದ್ದು, ಮುಟ್ಟಬಾರದ್ದು. ಅದನ್ನು ಸರಿಯಾಗಿ ಪಾಲಿಸುವುದು ಮಾತ್ರ ಅವರಿಗೆ ಬಾರದು. ನಿಯಮವನ್ನು ನಿಜವಾಗಿ ಪಾಲಿಸಬಲ್ಲ ದೊಡ್ಡ ಹುಡುಗರು ಅದನ್ನು ಬದಲಾಯಿಸಬಹುದೆಂದೂ ಹೇಳಿದರು, ಆಡುವವರೆಲ್ಲ ಒಪ್ಪಿದರೆ.